ಮೆಷಿನ್ ಬೆಲೆಗೆ ಯಾವುದು ಸೇರುತ್ತದೆ, ಯಾವುದು ಆ ವರ್ಷದ ಖರ್ಚು?

ಪ್ರಶ್ನೆ: ಹೂಟಗಳ್ಳಿಯಲ್ಲಿ ನಮ್ಮದೊಂದು ಸಣ್ಣ ಎಂಜಿನಿಯರಿಂಗ್ ವರ್ಕ್‌ಶಾಪ್ ಇದೆ, ಸರ್. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ 24 ಲಕ್ಷದ ವಿಎಂಸಿ ಮೆಷಿನ್ ತರಿಸಿದೆವು. ಲಾರಿ ಬಾಡಿಗೆ, ಕ್ರೇನು, ಫೌಂಡೇಶನ್, ವೈರಿಂಗ್, ಟ್ರಯಲ್, ಟ್ರೇನಿಂಗ್ ಅಂತ ಮೇಲೆ ಇನ್ನೂ ಐದಾರು ಲಕ್ಷ ಕೈಬಿಟ್ಟು ಹೋಯಿತು. ನಮ್ಮ ಲೆಕ್ಕ ಬರೆಯುವವರು ಮೆಷಿನ್ ಬಿಲ್ಲನ್ನು ಮಾತ್ರ ಆಸ್ತಿಗೆ ಹಾಕಿ ಉಳಿದದ್ದನ್ನೆಲ್ಲ ರಿಪೇರಿ ಮತ್ತು ನಿರ್ವಹಣೆ ಖರ್ಚಿಗೆ ಬರೆದಿದ್ದಾರೆ. ಪಕ್ಕದ ಶೆಡ್ಡಿನವರು ಎಲ್ಲವನ್ನೂ ಮೆಷಿನ್ನಿಗೇ ಸೇರಿಸಬೇಕು ಅನ್ನುತ್ತಾರೆ. ಯಾವುದು ಸರಿ? ಪಟ್ಟಿ ಕಳಿಸಿದ್ದೇನೆ.

ಉತ್ತರ: ಇಬ್ಬರದ್ದೂ ಅರ್ಧ ಸರಿ. ನೀವು ಕಳಿಸಿದ ಪಟ್ಟಿಯಲ್ಲಿ ಮೆಷಿನ್ನಿಗೆ ಸೇರಬೇಕಾದದ್ದು ಮೂರೂವರೆ ಲಕ್ಷಕ್ಕಿಂತ ಸ್ವಲ್ಪ ಹೆಚ್ಚೇ ಇದೆ. ಉಳಿದದ್ದು ಸೇರುವುದಿಲ್ಲ. ಯಾವುದು ಯಾವ ಕಡೆ ಎಂದು ಗೊತ್ತುಮಾಡಲು ಬಿಲ್ಲಿನ ಮೇಲೆ ಏನು ಬರೆದಿದೆ ಎಂದು ನೋಡಬೇಡಿ, ಖರ್ಚು ಯಾಕೆ ಆಯಿತು, ಯಾವಾಗ ಆಯಿತು ಎಂದು ನೋಡಿ.

ನಮ್ಮ ಲೆಕ್ಕಪತ್ರಕ್ಕೆ ಇದರ ನಿಯಮ ಎಎಸ್ 10ರಲ್ಲಿದೆ. ಚಾರ್ಟರ್ಡ್ ಅಕೌಂಟೆಂಟ್‌ಗಳು ಅನುಸರಿಸುವ ಲೆಕ್ಕಶಾಸ್ತ್ರ ಮಾನದಂಡಗಳಲ್ಲಿ ಸ್ಥಿರಾಸ್ತಿಯ ಬಗ್ಗೆ ಇರುವುದು ಅದು. ಕೊಂಡ ಬೆಲೆಯ ಜೊತೆಗೆ, ಮೆಷಿನ್ನನ್ನು ಅದು ಕೆಲಸ ಮಾಡಬೇಕಾದ ಜಾಗಕ್ಕೆ ತಂದು, ಕೆಲಸ ಮಾಡಬಲ್ಲ ಸ್ಥಿತಿಗೆ ಮುಟ್ಟಿಸಲು ನೇರವಾಗಿ ಆದ ಖರ್ಚೆಲ್ಲ ಅದರ ಬೆಲೆಯೇ ಎಂದು ಅದು ಹೇಳುತ್ತದೆ. ಜಾಗ ಮತ್ತು ಸ್ಥಿತಿ, ಎರಡೂ ಮುಟ್ಟಿದ ದಿನ ಗೆರೆ ಎಳೆಯಬೇಕು. ಆ ಗೆರೆಯ ಆಚೆ ಒಂದು ರೂಪಾಯಿಯೂ ಮೆಷಿನ್ನಿಗೆ ಸೇರುವಂತಿಲ್ಲ.

ಹಾಗಾಗಿ ನಿಮ್ಮ ಕಾಗದಗಳಲ್ಲಿ ನಾನು ಮೊದಲು ಹುಡುಕಿದ್ದು ಬಿಲ್ಲುಗಳನ್ನಲ್ಲ, ಕಮಿಷನಿಂಗ್ ರಿಪೋರ್ಟನ್ನು. ಕಂಪನಿಯ ಎಂಜಿನಿಯರ್ ಬಂದು ಸಾಗಣೆಗೆಂದು ಹಾಕಿದ್ದ ಲಾಕ್‌ಗಳನ್ನು ಬಿಚ್ಚಿ, ಟೇಬಲ್ ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು, ಕೆಳಗಿನ ಲೆವೆಲಿಂಗ್ ಬೋಲ್ಟ್‌ಗಳನ್ನು ಒಂದೊಂದಾಗಿ ತಿರುಗಿಸಿ ಮಟ್ಟ ಕೂರಿಸಿದ್ದಾರೆ. ಆಮೇಲೆ ಸ್ಪಿಂಡಲ್‌ಗೆ ಡಯಲ್ ಕಟ್ಟಿ ಅಕ್ಷಗಳನ್ನು ನೋಡಿ, ಕೊನೆಗೆ ನಿಮ್ಮದೇ ಡ್ರಾಯಿಂಗ್‌ನ ಒಂದು ಪೀಸ್ ಕತ್ತರಿಸಿ ಅಳತೆ ಬರೆದಿದ್ದಾರೆ. ಕೆಳಗೆ ನಿಮ್ಮ ಸಹಿ, ಅವರ ಸಹಿ, 28-9-2024. ಗೆರೆ ಬೀಳುವುದು ಅಲ್ಲಿ. ಮೆಷಿನ್ ಬಂದಿಳಿದ 9ನೇ ತಾರೀಖೂ ಅಲ್ಲ, ನೀವು ಪೂಜೆ ಮಾಡಿದ ದಿನವೂ ಅಲ್ಲ. ಈ ಒಂದು ಹಾಳೆಯನ್ನು ಮೆಷಿನ್ ಬಿಲ್ಲಿನ ಹಿಂದೆಯೇ ಪಿನ್ ಹೊಡೆದು ಇಡಿ. ಮುಂದೆ ಯಾರಾದರೂ ಕೇಳಿದರೆ ನಿಮ್ಮ ಪರವಾಗಿ ಮಾತಾಡುವುದು ಇದೇ.

ಈಗ ಗೆರೆಯ ಈಚೆಗೆ ಏನೇನಿದೆ ನೋಡೋಣ. ಮೆಷಿನ್ 24,00,000. ಇದರ ಮೇಲಿನ 18% ಜಿಎಸ್‌ಟಿ 4,32,000 ರೂಪಾಯಿಗೆ ನೀವು ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದೀರಿ. ಆದ್ದರಿಂದ ಅದು ಬೆಲೆಗೆ ಸೇರುವುದಿಲ್ಲ. ಕ್ರೆಡಿಟ್ಟನ್ನೂ ತೆಗೆದುಕೊಂಡು ಅದೇ ತೆರಿಗೆಯ ಮೇಲೆ ಸವಕಳಿಯನ್ನೂ ಹಾಕಿದರೆ ಜಿಎಸ್‌ಟಿ ಕಾಯ್ದೆಯ ಪ್ರಕಾರ ಕ್ರೆಡಿಟ್ಟೇ ಕೈತಪ್ಪುತ್ತದೆ. ಎರಡರಲ್ಲಿ ಒಂದೇ. ಕೆಳಗೆ ನಾನು ಹೇಳುವ ಮೊತ್ತಗಳೂ ಜಿಎಸ್‌ಟಿ ಬಿಟ್ಟೇ ಇವೆ.

ಲಾರಿ ಬಾಡಿಗೆ 32,000, ದಾರಿಯ ವಿಮೆ 4,000, ಇಳಿಸಿ ಒಳಗೆ ಕೂರಿಸಿದ ಹೈಡ್ರಾ ಕ್ರೇನಿನ ಬಾಡಿಗೆ 12,000, ಎಂಜಿನಿಯರ್ ಶುಲ್ಕ ಮತ್ತು ಅವರ ಲಾಡ್ಜ್ ಖರ್ಚು ಸೇರಿ 40,000. ಇವುಗಳಲ್ಲಿ ಚರ್ಚೆಗೆ ಏನೂ ಇಲ್ಲ, ಎಲ್ಲವೂ ಮೆಷಿನ್ನಿಗೆ. ಕಂಟ್ರೋಲ್ ಪ್ಯಾನೆಲ್ಲಿನವರೆಗೆ ಎಳೆದ ಕೇಬಲ್, ಅರ್ಥಿಂಗ್ ಗುಂಡಿ, ಸರ್ವೋ ಸ್ಟೆಬಿಲೈಸರ್ ಸೇರಿ 1,10,000 ಕೂಡ ಅಲ್ಲಿಗೇ. ಇವಿಲ್ಲದೆ ಆ ಮೆಷಿನ್ ಒಂದು ಚಿಪ್ಪನ್ನೂ ಕತ್ತರಿಸುತ್ತಿರಲಿಲ್ಲ.

ಫೌಂಡೇಶನ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ನಿಮ್ಮ ಪಟ್ಟಿಯಲ್ಲಿ ಎರಡು ಸಾಲು ಇವೆ: 'ಫೌಂಡೇಶನ್ 85,000', 'ಫೌಂಡೇಶನ್ ಮತ್ತೆ 31,000'. ಎರಡನೆಯದು ಯಾಕೆಂದು ಫೋನಿನಲ್ಲಿ ಕೇಳಿದಾಗ, ಮೇಸ್ತ್ರಿ ಡ್ರಾಯಿಂಗನ್ನು ತಿರುಗುಮುರುಗಾಗಿ ಓದಿ ಬೋಲ್ಟ್ ಗುಂಡಿಗಳನ್ನು ಬೇರೆ ಕಡೆ ಬಿಟ್ಟಿದ್ದರು, ಅದನ್ನು ಒಡೆದು ಮತ್ತೆ ಹಾಕಿಸಬೇಕಾಯಿತು ಅಂದಿರಿ. 85,000 ಮೆಷಿನ್ನಿನ ಬೆಲೆ. 31,000 ಆ ವರ್ಷದ ಖರ್ಚು. ಎರಡೂ ಅದೇ ನೆಲಕ್ಕೆ ಸುರಿದ ಕಾಂಕ್ರೀಟೇ ಆದರೂ, ಮೆಷಿನ್ ನಿಲ್ಲಲು ಬೇಕಾಗಿದ್ದದ್ದು ಒಂದು ಫೌಂಡೇಶನ್. ತಪ್ಪಿನಿಂದ ಆದ ನಷ್ಟ ಮೆಷಿನ್ನಿನ ಬೆಲೆಯನ್ನು ಏರಿಸುವುದಿಲ್ಲ. ಕ್ರೇನ್ ಮಾತುಕೊಟ್ಟ ದಿನ ಬಾರದೆ ಲಾರಿ ಎರಡು ದಿನ ಗೇಟಿನಲ್ಲಿ ನಿಂತು ಹಾಲ್ಟಿಂಗ್ ಚಾರ್ಜ್ ಬಿದ್ದಿದ್ದರೂ ಇದೇ ತೀರ್ಮಾನ ಆಗುತ್ತಿತ್ತು.

ಜಿಎಸ್‌ಟಿಯಲ್ಲಿ ಕಟ್ಟಡದ ಸಿವಿಲ್ ಕೆಲಸಕ್ಕೆ ಕ್ರೆಡಿಟ್ ಇಲ್ಲ ಎಂದು ಯಾರೋ ಹೇಳಿದ್ದರಿಂದ ಫೌಂಡೇಶನ್ ಬಿಲ್ಲಿನ ತೆರಿಗೆಯನ್ನು ನೀವು ಬಿಟ್ಟಿದ್ದಿರಿ. ಬಿಡಬೇಕಾಗಿರಲಿಲ್ಲ. ಮೆಷಿನ್ನನ್ನು ನೆಲಕ್ಕೆ ಕೂರಿಸುವ ಫೌಂಡೇಶನ್ ಮತ್ತು ಆಧಾರದ ಕಟ್ಟನ್ನು ಕಾಯ್ದೆಯೇ ಯಂತ್ರೋಪಕರಣದ ಭಾಗ ಎಂದು ಹೇಳಿದೆ. ಶೆಡ್ಡಿನ ಗೋಡೆ, ನೆಲಹಾಸು ಬೇರೆ, ಮೆಷಿನ್ನಿನ ಫೌಂಡೇಶನ್ ಬೇರೆ. ಗುತ್ತಿಗೆದಾರರು ಒಂದೇ ಬಿಲ್ಲಿನಲ್ಲಿ ಎರಡನ್ನೂ ಬರೆದುಕೊಟ್ಟರೆ ಬಿಡಿಸಿ ಬರೆಸಿಕೊಳ್ಳಿ.

ಟ್ರಯಲ್ಲಿಗೆ ಅಲ್ಯೂಮಿನಿಯಂ, ಕರೆಂಟು ಸೇರಿ 18,000 ಖರ್ಚಾಗಿದೆ. ಕತ್ತರಿಸಿದ ಪೀಸುಗಳನ್ನೂ ಗುಜರಿಯನ್ನೂ ಮಾರಿ 5,000 ಬಂದಿದೆ. ಬಂದದ್ದನ್ನು ಕಳೆದು 13,000 ಮಾತ್ರ ಮೆಷಿನ್ನಿಗೆ ಸೇರಿಸಿ. ಆ 5,000 ರೂಪಾಯಿಯನ್ನು ನಿಮ್ಮವರು 'ಗುಜರಿ ಮಾರಾಟ' ಎಂದು ಆದಾಯದಲ್ಲಿ ತೋರಿಸಿದ್ದಾರೆ, ಅದು ಅಲ್ಲಿಂದ ಹೊರಗೆ ಬರಬೇಕು.

ಇದೇ ಜಾಗದಲ್ಲಿ ಹೆಚ್ಚಿನವರು ಎಡವುತ್ತಾರೆ. ನೀವೂ ಎಡವಿದ್ದೀರಿ. ಅಕ್ಟೋಬರ್ ಮೊದಲ ಮೂರು ವಾರ ಹುಡುಗರ ಕೈ ಪಳಗದೆ ರಿಜೆಕ್ಟ್ ಆದ ಪೀಸುಗಳ 30,000 ರೂಪಾಯಿ ಮಾಲನ್ನೂ 'ಟ್ರಯಲ್' ಎಂದೇ ಪಟ್ಟಿಯಲ್ಲಿ ಬರೆದಿದ್ದೀರಿ. ಅದು ಟ್ರಯಲ್ ಅಲ್ಲ. 28ರಂದು ಮೆಷಿನ್ ಸರಿಯಾಗಿ ಕತ್ತರಿಸಿ ತೋರಿಸಿದೆ. ಆಮೇಲೆ ಆಗಿದ್ದು ಮೆಷಿನ್ನಿನ ಪರೀಕ್ಷೆಯಲ್ಲ, ಆಪರೇಟರ್ ಕಲಿಕೆ. ಮೆಷಿನ್ ಪೂರ್ತಿ ಸಾಮರ್ಥ್ಯಕ್ಕೆ ಓಡದಿದ್ದರೂ, ಶುರುವಿನ ತಿಂಗಳುಗಳಲ್ಲಿ ನಷ್ಟವಾದರೂ ಅದು ಆ ವರ್ಷದ ಖರ್ಚೇ. ಟ್ರೇನಿಂಗ್ ಎಂದು ಕೊಟ್ಟ 20,000 ಕೂಡ ಹಾಗೇ. ಕಲಿತವರು ನಾಳೆ ಕೂರ್ಗಳ್ಳಿಯ ಇನ್ನೊಂದು ಶೆಡ್ಡಿಗೆ ಕೆಲಸಕ್ಕೆ ಹೋದರೆ ಕಲಿತದ್ದು ಅವರ ಜೊತೆಗೇ ಹೋಗುತ್ತದೆ. ಮೆಷಿನ್ನಿನ ಒಳಗೆ ಅದು ಉಳಿದಿರುವುದಿಲ್ಲ.

ಟೂಲಿಂಗ್ ಕಿಟ್ ಬಿಲ್ 95,000 ಒಂದೇ ಸಾಲಿನಲ್ಲಿದೆ. ಅದನ್ನು ಒಡೆಯಬೇಕು. ಅದರಲ್ಲಿ 70,000 ರೂಪಾಯಿಯ ಬಿಟಿ40 ಹೋಲ್ಡರ್‌ಗಳು ಮೆಷಿನ್ನಿನ ಜೊತೆ ವರ್ಷಗಟ್ಟಲೆ ಇರುತ್ತವೆ, ಅವಿಲ್ಲದೆ ಸ್ಪಿಂಡಲ್ ಕಟರನ್ನು ಹಿಡಿಯುವುದೇ ಇಲ್ಲ. ಅವು ಆಸ್ತಿ. ಉಳಿದ 25,000 ರೂಪಾಯಿಯ ಎಂಡ್‌ಮಿಲ್, ಇನ್ಸರ್ಟ್‌ಗಳು ವಾರಗಳಲ್ಲಿ ಸವೆದು ಬಿಸಾಡುವಂಥವು. ಬಳಸಿದಷ್ಟು ಖರ್ಚು, ಮಾರ್ಚ್ 31ಕ್ಕೆ ಡಬ್ಬಿಯಲ್ಲಿ ಉಳಿದಿದ್ದರೆ ಅಷ್ಟು ದಾಸ್ತಾನು.

ಇಲ್ಲಿಯವರೆಗೆ ಕೂಡಿದರೆ ಮೆಷಿನ್ನಿನ ಬೆಲೆ 27,66,000 ಆಗುತ್ತದೆ. ಅಂದರೆ ನಿಮ್ಮವರು ಖರ್ಚಿಗೆ ಬರೆದದ್ದರಲ್ಲಿ, ಗುಜರಿಯ 5,000 ಕಳೆದು, 3,66,000 ಆಸ್ತಿಗೆ ಹೋಗಬೇಕು.

ಖರ್ಚೂ ಅಲ್ಲದ, ಮೆಷಿನ್ನೂ ಅಲ್ಲದ ಎರಡು ಸಾಲು ನಿಮ್ಮ ಪಟ್ಟಿಯಲ್ಲಿವೆ. ಲೋಡ್ ಹೆಚ್ಚಿಸಲು ಸೆಸ್ಕ್‌ಗೆ ಕಟ್ಟಿದ 60,000 ಠೇವಣಿ ವಾಪಸ್ ಬರುವ ಹಣ. ಅದು ಠೇವಣಿಯಾಗಿಯೇ ಆಸ್ತಿ ಕಡೆ ಬೇರೆ ಸಾಲಿನಲ್ಲಿ ನಿಲ್ಲಬೇಕು. ಅದರ ಮೇಲೆ ಸವಕಳಿ ಇಲ್ಲ. ಎರಡನೇ ವರ್ಷದ ಎಎಂಸಿಗೆ ಮುಂಚಿತವಾಗಿಯೇ ಕೊಟ್ಟ 45,000 ಕೂಡ ಈ ವರ್ಷದ್ದಲ್ಲ. ಮುಂಗಡ ಪಾವತಿ ಎಂದು ಇಟ್ಟು, ಎಎಂಸಿ ಓಡುವ ತಿಂಗಳುಗಳಲ್ಲಿ ಖರ್ಚಿಗೆ ತನ್ನಿ. ಪೂಜೆ, ಊಟದ 6,500 ಮತ್ತು ಜಾಗ ಮಾಡಲು ಹಳೇ ಲೇತನ್ನು ಮೂಲೆಗೆ ಸರಿಸಿದ 7,000 ಎರಡೂ ಸೀದಾ ಖರ್ಚು. ಲೇತ್ ಮೊದಲೇ ಕೆಲಸ ಮಾಡುತ್ತಿದ್ದ ಮೆಷಿನ್. ಅದನ್ನು ಇದ್ದ ಜಾಗದಿಂದ ಸರಿಸಿದ್ದಕ್ಕೆ ಅದರ ಬೆಲೆಯೂ ಏರುವುದಿಲ್ಲ, ಹೊಸದರದ್ದೂ ಏರುವುದಿಲ್ಲ. ಮದ್ದೂರಿನ ಕಡೆಯ ನನ್ನ ಕಕ್ಷಿದಾರರೊಬ್ಬರು ಬೆಲ್ಲದ ಘಟಕವನ್ನು ಒಂದು ತೋಟದಿಂದ ಇನ್ನೊಂದಕ್ಕೆ ಸಾಗಿಸಿದ ಖರ್ಚನ್ನೆಲ್ಲ ಗಾಣದ ಬೆಲೆಗೆ ಸೇರಿಸಿಕೊಂಡು ಬಂದಿದ್ದರು. ಗಾಣ ಅದೇ, ಅರೆಯುವ ಕಬ್ಬೂ ಅಷ್ಟೇ, ಪುಸ್ತಕದಲ್ಲಿ ಮಾತ್ರ ಅದರ ಬೆಲೆ ಕೊಂಡಿದ್ದಕ್ಕಿಂತ ಹೆಚ್ಚಾಗಿತ್ತು. ಅದನ್ನು ಹೊರಗೆ ತೆಗೆಸಿದೆ.

ಬಡ್ಡಿಯದ್ದು ಸ್ವಲ್ಪ ಜಟಿಲ. 20 ಲಕ್ಷ ಸಾಲ ಆಗಸ್ಟ್‌ನಲ್ಲಿ ಬಿಡುಗಡೆಯಾಗಿ, ಅಕ್ಟೋಬರ್ 1ಕ್ಕೆ ಮೊದಲ ಆರ್ಡರ್ ಶುರುವಾಗುವವರೆಗೆ 29,000 ಬಡ್ಡಿ ಬಿದ್ದಿದೆ. ಲೆಕ್ಕಪತ್ರದ ನಿಯಮ ಒಂದು ಹೇಳುತ್ತದೆ, ಆದಾಯ ತೆರಿಗೆ ಇನ್ನೊಂದು ಹೇಳುತ್ತದೆ. ಎಎಸ್ 16ರ ಪ್ರಕಾರ, ಸಿದ್ಧವಾಗಲು ಸಾಕಷ್ಟು ದೀರ್ಘ ಕಾಲ ಬೇಕಾಗುವ ಆಸ್ತಿಗೆ ಮಾತ್ರ ಬಡ್ಡಿ ಸೇರುತ್ತದೆ. ಸಾಮಾನ್ಯವಾಗಿ ಅದು 12 ತಿಂಗಳು. ನಿಮ್ಮದು ಕೆಲವೇ ವಾರಗಳಲ್ಲಿ ನಿಂತ ಮೆಷಿನ್, ಆದ್ದರಿಂದ ಪುಸ್ತಕದಲ್ಲಿ 29,000 ಬಡ್ಡಿ ಖರ್ಚು. ಆದರೆ ಆದಾಯ ತೆರಿಗೆಯಲ್ಲಿ, ಆಸ್ತಿ ಕೊಳ್ಳಲು ತಂದ ಸಾಲದ ಬಡ್ಡಿಯನ್ನು ಆ ಆಸ್ತಿ ಮೊದಲ ಬಾರಿ ಬಳಕೆಗೆ ಬರುವ ದಿನದವರೆಗೆ ಖರ್ಚೆಂದು ಕಳೆಯಲು ಬಿಡುವುದಿಲ್ಲ. ಅದನ್ನು ಮೆಷಿನ್ನಿನ ಬೆಲೆಗೆ ಸೇರಿಸಿ ಸವಕಳಿ ಮೂಲಕವೇ ಪಡೆಯಬೇಕು. ಬಳಕೆಗೆ ಬಂದ ನಂತರದ ಬಡ್ಡಿ ಎರಡೂ ಕಡೆ ಖರ್ಚು. ಹೀಗಾಗಿ ತೆರಿಗೆ ಲೆಕ್ಕದಲ್ಲಿ ಮೆಷಿನ್ನಿನ ಬೆಲೆ 27,95,000. ಪುಸ್ತಕಕ್ಕೂ ತೆರಿಗೆ ಲೆಕ್ಕಕ್ಕೂ 29,000 ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ, ಅದು ಇರಲೇಬೇಕಾದ ವ್ಯತ್ಯಾಸ.

ಇನ್ನು ನಿಮ್ಮ ವೋಚರುಗಳಲ್ಲಿ ಕಂಡ ಒಂದು ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದಿತು. ಲಾರಿಯವರಿಗೆ 32,000, ಕ್ರೇನಿನವರಿಗೆ 12,000 ರೂಪಾಯಿಯನ್ನು ಒಂದೇ ದಿನ ನಗದಾಗಿ ಕೊಟ್ಟಿದ್ದೀರಿ. ಲಾರಿ ಬಾಡಿಗೆಗೆ 35,000ದವರೆಗೆ ನಗದು ಕೊಡಬಹುದು ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅದು ಸುಳ್ಳಲ್ಲ. ಆದರೆ ಆ ರಿಯಾಯಿತಿ ಇರುವುದು ಮಾಮೂಲಿ ಖರ್ಚಿಗೆ, ಉದಾಹರಣೆಗೆ ನೀವು ಮಾಲು ಕಳಿಸುವ ಬಾಡಿಗೆಗೆ. ಆಸ್ತಿ ಕೊಳ್ಳುವ ಖರ್ಚಿನಲ್ಲಿ ಒಬ್ಬರಿಗೆ ಒಂದು ದಿನಕ್ಕೆ 10,000 ರೂಪಾಯಿ ಮೀರಿ ನಗದು ಕೊಟ್ಟರೆ, ಆ ಮೊತ್ತವನ್ನು ಆಸ್ತಿಯ ಬೆಲೆಗೆ ಲೆಕ್ಕ ಹಿಡಿಯುವುದೇ ಇಲ್ಲ ಎಂದು 2017ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದರು. ಮೀರಿದ ಭಾಗ ಮಾತ್ರವಲ್ಲ, ಇಡೀ ಮೊತ್ತ. ಮೆಷಿನ್ ತರಿಸಿದ ಬಾಡಿಗೆ ಬೆಲೆಯ ಭಾಗವಾದ ಮೇಲೆ ಅದನ್ನು ಈ 10,000ದ ಮಿತಿಗೇ ಒಳಪಡಿಸುತ್ತಾರೆ ಎಂದು ಎಣಿಸಿಯೇ ನಾನು ಲೆಕ್ಕ ಹಾಕುವುದು. ಹಾಗಾದರೆ ಈ 44,000 ಬಿಟ್ಟು ತೆರಿಗೆಗೆ ನಿಮ್ಮ ಮೆಷಿನ್ನಿನ ಬೆಲೆ 27,51,000. ಪುಸ್ತಕದಲ್ಲಿ 27,66,000 ಹಾಗೇ ಇರುತ್ತದೆ, ಹಣ ಹೋಗಿರುವುದು ನಿಜವಲ್ಲವೇ. ಈ 44,000 ರೂಪಾಯಿಯ ಮೇಲಿನ ಸವಕಳಿ ಮಾತ್ರ ತೆರಿಗೆಯಲ್ಲಿ ಎಂದೂ ಸಿಗುವುದಿಲ್ಲ. ಬ್ಯಾಂಕ್ ಮೂಲಕವೋ ಯುಪಿಐ ಮೂಲಕವೋ ಕಳಿಸಿದ್ದರೆ ಈ ನಷ್ಟ ಇರುತ್ತಿರಲಿಲ್ಲ. ಮುಂದಿನ ಸಲ ಕ್ರೇನ್ ಗೇಟಿಗೆ ಬರುವ ಮೊದಲೇ ಡ್ರೈವರ್ ಹತ್ತಿರ ಮಾಲೀಕರ ಖಾತೆಯ ವಿವರ ಕೇಳಿ ಇಟ್ಟುಕೊಳ್ಳಿ.

ನಿಮಗೆ ಅನುಕೂಲವಾಗಿರುವುದು ಅಕ್ಟೋಬರ್ 1. ನಿಮ್ಮ ವರ್ಷಕ್ಕೆ ಅನ್ವಯಿಸುವುದು 1961ರ ಆದಾಯ ತೆರಿಗೆ ಕಾಯ್ದೆ. ಅದರಲ್ಲಿ ಸಾಮಾನ್ಯ ಯಂತ್ರೋಪಕರಣಕ್ಕೆ 15% ಸವಕಳಿ ಇದೆ. ಆದರೆ ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಅಕ್ಟೋಬರ್ 1ರಿಂದ ಮಾರ್ಚ್ 31ಕ್ಕೆ ಎಣಿಸಿದರೆ 182 ದಿನ. ಎರಡು ದಿನದ ಅಂತರದಲ್ಲಿ ನೀವು ಪೂರ್ತಿ ಸವಕಳಿಗೆ ಬಂದಿದ್ದೀರಿ. 27,51,000ಕ್ಕೆ 15% ಅಂದರೆ 4,12,650. ಅಕ್ಟೋಬರ್ 4ಕ್ಕೆ ಶುರುವಾಗಿದ್ದರೆ 2,06,325 ಮಾತ್ರ ಸಿಗುತ್ತಿತ್ತು, ಉಳಿದದ್ದು ಮುಂದಿನ ವರ್ಷಗಳಿಗೆ ಹರಡಿಕೊಳ್ಳುತ್ತಿತ್ತು. ಆದ್ದರಿಂದ ಕಮಿಷನಿಂಗ್ ರಿಪೋರ್ಟಿನ ಜೊತೆ ಅಕ್ಟೋಬರ್ 1ರ ಮೊದಲ ಜಾಬ್ ಕಾರ್ಡ್, ಆ ಮಾಲಿನ ಇನ್‌ವಾಯ್ಸ್ ಪ್ರತಿಯನ್ನೂ ಇಡಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದೀರಾದರೆ ಉತ್ಪಾದನೆ ಮಾಡುವವರ ಹೊಸ ಮೆಷಿನ್ನಿಗೆ 20% ಹೆಚ್ಚುವರಿ ಸವಕಳಿಯೂ ಉಂಟು, ಹೊಸ ಪದ್ಧತಿಯಲ್ಲಿ ಅದಿಲ್ಲ. ನೀವು ಯಾವುದರಲ್ಲಿದ್ದೀರಿ ಎಂಬುದು ಪಟ್ಟಿಯಿಂದ ಗೊತ್ತಾಗಲಿಲ್ಲ, ನಿಮ್ಮವರನ್ನು ಕೇಳಿ.

ಎಲ್ಲವನ್ನೂ ಖರ್ಚಿಗೆ ಹಾಕಿದರೆ ಈ ವರ್ಷ ತೆರಿಗೆ ಕಡಿಮೆಯಾಗುತ್ತಲ್ಲ ಎಂಬ ಆಸೆ ನಿಮ್ಮ ಲೆಕ್ಕದವರಿಗೆ ಇದ್ದಿರಬಹುದು. ಆದರೆ ನಿಮ್ಮಂಥ ವರ್ಕ್‌ಶಾಪಿನಲ್ಲಿ ಹೊಸ ಮೆಷಿನ್ ಬಂದ ವರ್ಷವೇ ರಿಪೇರಿ ಮತ್ತು ನಿರ್ವಹಣೆ ಖಾತೆ ಹಿಂದಿನ ವರ್ಷಕ್ಕಿಂತ ಹತ್ತು ಪಟ್ಟು ಹಾರಿದ್ದು ಕಂಡರೆ ಯಾರಿಗಾದರೂ ಮೊದಲ ಅನುಮಾನ ಅಲ್ಲೇ ಬರುತ್ತದೆ. ಹೊಸ ಮೆಷಿನ್ನಿಗೆ ಯಾವ ರಿಪೇರಿ? ಇನ್ನೊಂದು ಕಡೆ, ಪಕ್ಕದ ಶೆಡ್ಡಿನವರ ಮಾತು ಕೇಳಿ ಎಲ್ಲವನ್ನೂ ಆಸ್ತಿಗೆ ತುಂಬಿದ್ದರೆ ಲಾಭ ಇದ್ದದ್ದಕ್ಕಿಂತ ಹೆಚ್ಚು ಕಂಡು, ಒಡೆದ ಫೌಂಡೇಶನ್ನಿಗೂ ವರ್ಷಗಟ್ಟಲೆ ಸವಕಳಿ ಬರೆಯುತ್ತಾ ಕೂರುತ್ತಿದ್ದಿರಿ.

ಟ್ಯಾಲಿಯಲ್ಲಿ ಸರಿಪಡಿಸುವುದು ಕಷ್ಟವಲ್ಲ. `Fixed Assets` ಗುಂಪಿನಲ್ಲಿ 'ವಿಎಂಸಿ ಅಳವಡಿಕೆ' ಎಂಬ ಲೆಡ್ಜರ್ ಮಾಡಿ. `Indirect Expenses` ಅಡಿಯ ರಿಪೇರಿ ಖಾತೆಯಿಂದ ಒಂದೊಂದು ವೋಚರನ್ನೂ ಅದರದ್ದೇ ತಾರೀಖಿನಲ್ಲಿ ತೆರೆದು ಲೆಡ್ಜರ್ ಬದಲಿಸಿ. ಮಾರ್ಚ್‌ನಲ್ಲಿ ಒಂದೇ ಜರ್ನಲ್ ಎಂಟ್ರಿಯಿಂದ ಒಟ್ಟಾಗಿ ಎತ್ತಿ ಹಾಕಬೇಡಿ, ಯಾವ ಬಿಲ್ ಯಾವುದಕ್ಕೆ ಎಂಬ ಎಳೆ ತಪ್ಪುತ್ತದೆ. ಸೆಪ್ಟೆಂಬರ್ 28ಕ್ಕೆ ಆ ಲೆಡ್ಜರಿನಲ್ಲಿ ಕೂಡಿದ ಮೊತ್ತವನ್ನು ಮೆಷಿನ್ ಲೆಡ್ಜರಿಗೆ ವರ್ಗಾಯಿಸಿ ಅದನ್ನು ಸೊನ್ನೆ ಮಾಡಿ. ಆ ತಾರೀಖಿನ ನಂತರ ಅದರಲ್ಲಿ ಹೊಸ ಎಂಟ್ರಿ ಕಂಡರೆ, ಅದು ಹಿಂದಿನ ಕೆಲಸದ ತಡವಾದ ಬಿಲ್ಲೋ ಅಥವಾ ತಪ್ಪಾಗಿ ಸೇರಿದ್ದೋ ಎಂದು ಅಂದೇ ನೋಡಿಬಿಡಿ.